ಸೂತ್ರ ಒಂದೇ, ಸಿಸ್ಟಮ್ ಮೂರು: ಝಡ್-ಟ್ರಾನ್ಸ್‌ಫಾರ್ಮ್‌ನಲ್ಲಿ ಆರ್‌ಒಸಿ ಯಾಕೆ ಬೇಕು?

ಒಂದು ಸಿಗ್ನಲ್‌ನಿಂದ ಪ್ರತಿಧ್ವನಿ ತೆಗೆಯುವ ಪ್ರೋಗ್ರಾಂ ಬರೆಯುತ್ತಾ ಕೂತಿದ್ದೆ. ಪರೀಕ್ಷೆಗೆಂದು ನಾನೇ ಒಂದು ಚಾನೆಲ್ ಮಾಡಿಕೊಂಡಿದ್ದೆ. ಮೊದಲು ಮೂಲ ಸಿಗ್ನಲ್ ಬರುತ್ತದೆ. ಒಂದು ಸ್ಯಾಂಪಲ್ ತಡವಾಗಿ ಅದರ 2.5 ಪಟ್ಟು ದೊಡ್ಡ ಪ್ರತಿಧ್ವನಿ, ತಲೆಕೆಳಗಾಗಿ, ಬರುತ್ತದೆ. ಇನ್ನೊಂದು ಸ್ಯಾಂಪಲ್ ಬಿಟ್ಟು ಮೂಲದಷ್ಟೇ ಗಾತ್ರದ ಮತ್ತೊಂದು. ಪ್ರತಿಧ್ವನಿ ಮೂಲಕ್ಕಿಂತ ಜೋರಾಗಿರುವುದು ವಿಚಿತ್ರ ಅನ್ನಿಸಬಹುದು. ಆದರೆ ನೇರ ದಾರಿಗೆ ಏನೋ ಅಡ್ಡ ಬಂದು, ಬಳಸಿ ಬಂದ ಅಲೆಯೇ ಜೋರಾಗಿ ತಲುಪುವುದು ರೇಡಿಯೋದಲ್ಲಿ ಮಾಮೂಲು.

ಚಾನೆಲ್‌ನ ಲೆಕ್ಕ ಇಷ್ಟೇ:

```
y[n] = x[n] - 2.5 x[n-1] + x[n-2]
```

ಇದನ್ನು ತಿರುಗಿಸುವುದು ಸುಲಭ ಅಲ್ವಾ? `x[n]` ಅನ್ನು ಒಂದು ಕಡೆ ಇಟ್ಟು, ಉಳಿದಿದ್ದನ್ನು ಆ ಕಡೆ ಹಾಕಿದರೆ ಆಯಿತು. ಹಾಗೇ ಮಾಡಿದೆ:

```
x = [0.0, 0.0]
for v in y:
    x.append(v + 2.5*x[-1] - x[-2])
```

ಮೊದಲ ನಲವತ್ತು ಸ್ಯಾಂಪಲ್ ಮೂಲದ ಹಾಗೇ ಬಂದವು. ಖುಷಿಯಾಯಿತು. ಐವತ್ತರ ಆಸುಪಾಸಿನಲ್ಲಿ ಗ್ರಾಫ್ ಬಾಗತೊಡಗಿತು. ಅಲ್ಲಿಂದ ಹತ್ತೇ ಸ್ಯಾಂಪಲ್‌ಗೆ ಮೂಲ ಸಿಗ್ನಲ್ ಗ್ರಾಫಿನ ತಳದಲ್ಲಿ ಗೆರೆಯಾಗಿ ಮಲಗಿತ್ತು. ಸಾವಿರ ಚಿಲ್ಲರೆ ಸ್ಯಾಂಪಲ್ ದಾಟುವಾಗ ಪರದೆ ಮೇಲೆ `inf`, ಅದರ ಬೆನ್ನಿಗೇ `nan`.

ಕಾರಣ ಹುಡುಕುವುದು ಕಷ್ಟವಿರಲಿಲ್ಲ. ಈ ಲೆಕ್ಕದೊಳಗೆ ಪ್ರತಿ ಹೆಜ್ಜೆಗೂ ಎರಡು ಪಟ್ಟಾಗುವ ಒಂದು ಭಾಗ ಇದೆ. ಕಂಪ್ಯೂಟರಿನ ಡಬಲ್ ಸಂಖ್ಯೆಯಲ್ಲಿ ಹದಿನಾರನೇ ದಶಮಾಂಶ ಸ್ಥಾನದ ಹತ್ತಿರ ಸದಾ ಒಂದು ಸಣ್ಣ ತಪ್ಪು ಇದ್ದೇ ಇರುತ್ತದೆ. ಅದು ಐವತ್ತಮೂರು ಸಲ ದುಪ್ಪಟ್ಟಾದರೆ ಹೆಚ್ಚುಕಡಿಮೆ 1 ಆಗುತ್ತದೆ. ಮೊದಲ ನಲವತ್ತು ಸ್ಯಾಂಪಲ್ ಸರಿ ಬಂದಿದ್ದು ಲೆಕ್ಕ ಸರಿಯಿತ್ತು ಅಂತಲ್ಲ, ತಪ್ಪು ಇನ್ನೂ ಕಣ್ಣಿಗೆ ಕಾಣುವಷ್ಟು ಬೆಳೆದಿರಲಿಲ್ಲ ಅಂತ.

ಪಕ್ಕದಲ್ಲಿದ್ದ ಗೆಳೆಯ ನೋಡಿ ಹೇಳಿದ: "ಪೋಲ್ 2ರಲ್ಲಿದೆ, ಯೂನಿಟ್ ಸರ್ಕಲ್‌ನ ಹೊರಗೆ. ಸಿಸ್ಟಮ್ ಅನ್‌ಸ್ಟೇಬಲ್. ಇದನ್ನು ತಿರುಗಿಸೋಕೆ ಆಗಲ್ಲ, ಬಿಡು."

ಪೋಲ್ ಅಂದರೆ ಸಿಸ್ಟಮ್‌ನ ಸೂತ್ರ ಅನಂತಕ್ಕೆ ಹಾರುವ `z` ಬೆಲೆ, ಯೂನಿಟ್ ಸರ್ಕಲ್ ಅಂದರೆ ಗಾತ್ರ 1 ಇರುವ `z`ಗಳ ವೃತ್ತ. ಹೆಚ್ಚಿನವರು ಕೊಡುವ ಉತ್ತರವೇ ಇದು. ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗಬಹುದು. ಆದರೆ ಪೋಲ್ ಎಲ್ಲಿದೆ ಅನ್ನುವುದು ಒಂದರಿಂದಲೇ ಸಿಸ್ಟಮ್ ಸ್ಟೇಬಲ್ ಹೌದೋ ಅಲ್ಲವೋ ಅಂತ ಹೇಳಲು ಬರುವುದಿಲ್ಲ. ಅದೇ ಸೂತ್ರಕ್ಕೆ, ಅದೇ ಪೋಲ್‌ಗಳಿಗೆ, ಪೂರ್ತಿ ಸ್ಟೇಬಲ್ ಆದ ಇನ್ನೊಂದು ಸಿಸ್ಟಮ್ ಇದೆ. ಆವತ್ತು ಕೊನೆಗೆ ಕೆಲಸ ಮಾಡಿದ್ದೂ ಅದೇ. ಎರಡನ್ನೂ ಬೇರೆ ಮಾಡಿ ತೋರಿಸುವುದು ಆರ್‌ಒಸಿ, ಅಂದರೆ ರೀಜನ್ ಆಫ್ ಕನ್ವರ್ಜೆನ್ಸ್.

ಒಂದು ಸೂತ್ರದ ಹಿಂದೆ ಎರಡು ಸಾಲು

ಝಡ್-ಟ್ರಾನ್ಸ್‌ಫಾರ್ಮ್ ಅನ್ನುವುದು ಒಂದು ಉದ್ದನೆಯ ಕೂಡಿಕೆ. ಸಿಗ್ನಲ್‌ನ ಪ್ರತಿ ಸ್ಯಾಂಪಲ್ ಅನ್ನು `z^-n` ಇಂದ ಗುಣಿಸಿ, ಎಲ್ಲವನ್ನೂ ಕೂಡಿಸುವುದು:

```
H(z) = Σ h[n] z^-n     (n = -∞ … +∞)
```

`z` ಒಂದು ಸಂಕೀರ್ಣ ಸಂಖ್ಯೆ, ಅದಕ್ಕೆ ಗಾತ್ರವೂ ಕೋನವೂ ಇರುತ್ತದೆ. ಸಿಸ್ಟಮ್‌ನ ಮಟ್ಟಿಗೆ `h[n]` ಅಂದರೆ ಅದಕ್ಕೆ `n = 0` ರಲ್ಲಿ ಒಂದೇ ಒಂದು 1 ಕೊಟ್ಟಾಗ ಹೊರಬರುವ ಸಾಲು. ಕೊನೆಯಿಲ್ಲದ ಕೂಡಿಕೆ ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾವುದಾದರೂ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆಯೇ? ಯಾವ ಯಾವ `z` ಬೆಲೆಗಳಿಗೆ ನಿಲ್ಲುತ್ತದೋ ಆ ಜಾಗವೇ ಆರ್‌ಒಸಿ.

ಒಂದು ಉದಾಹರಣೆ ನೋಡೋಣ. `h[n]` ಅನ್ನುವುದು `n = 0` ಇಂದ ಶುರುವಾಗಿ 1, 2, 4, 8 ಅಂತ ಬೆಳೆಯುವ ಸಾಲು ಅಂದುಕೊಳ್ಳಿ. ಟ್ರಾನ್ಸ್‌ಫಾರ್ಮ್ ಹೀಗಾಗುತ್ತದೆ: 1 + 2/z + 4/z² + 8/z³ … `z` ಬದಲು 4 ಹಾಕಿದರೆ 1 + ½ + ¼ + … ಆಗಿ 2ಕ್ಕೆ ನಿಲ್ಲುತ್ತದೆ. ಸಾಮಾನ್ಯವಾಗಿ `z`ನ ಗಾತ್ರ 2ಕ್ಕಿಂತ ಜಾಸ್ತಿ ಇದ್ದರೆ ಸಾಕು, ಮೊತ್ತ `1/(1 - 2z^-1)` ಆಗುತ್ತದೆ.

ಈಗ ಪೂರ್ತಿ ಬೇರೆಯದೊಂದು ಸಾಲು. ಇದರಲ್ಲಿ `n = 0` ಮತ್ತು ಅದರಾಚೆ ಏನೂ ಇಲ್ಲ. `n = -1` ರಲ್ಲಿ -½, `n = -2` ರಲ್ಲಿ -¼, `n = -3` ರಲ್ಲಿ -⅛. ಹಿಂದೆ ಹಿಂದೆ ಹೋದಷ್ಟೂ ಕರಗುತ್ತದೆ. ಇದರ ಟ್ರಾನ್ಸ್‌ಫಾರ್ಮ್ -(z/2) - (z/2)² - (z/2)³ … ಇದು ನಿಲ್ಲಬೇಕಾದರೆ `z`ನ ಗಾತ್ರ 2ಕ್ಕಿಂತ ಕಡಿಮೆ ಇರಬೇಕು. ಕೂಡಿಸಿ ನೋಡಿದರೆ ಮೊತ್ತ ಮತ್ತದೇ `1/(1 - 2z^-1)`!

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಸಾಲು ಮುಂದಕ್ಕೆ ಸ್ಫೋಟವಾಗುತ್ತದೆ, ಇನ್ನೊಂದು ಹಿಂದಕ್ಕೆ ಕರಗುತ್ತದೆ. ಎರಡಕ್ಕೂ ಒಂದೇ ಒಂದು ಸ್ಯಾಂಪಲ್‌ನ ಹೋಲಿಕೆಯೂ ಇಲ್ಲ. ಆದರೂ ಕಾಗದದ ಮೇಲೆ ಸಿಗುವ ಸೂತ್ರ ಅಕ್ಷರಶಃ ಒಂದೇ. `z = 1` ಹಾಕಿ ನೋಡಿ, ಸೂತ್ರ -1 ಕೊಡುತ್ತದೆ. ಎರಡನೇ ಸಾಲಿಗೆ ಅದು ಸರಿ, -(½ + ¼ + ⅛ …) ಅಂದರೆ -1. ಮೊದಲ ಸಾಲಿಗೆ ಅದರ ಅರ್ಥ 1 + 2 + 4 + 8 + … = -1 ಅಂತಾಗುತ್ತದೆ. ಶುದ್ಧ ಅಸಂಬದ್ಧ. ಆ ಸಾಲಿಗೆ `z = 1` ಅನ್ನುವುದು ಸೂತ್ರಕ್ಕೆ ಅಧಿಕಾರವೇ ಇಲ್ಲದ ಜಾಗ.

ಹಾಗಾಗಿ `1/(1 - 2z^-1)` ಅಂತ ಮಾತ್ರ ಬರೆದರೆ ಅರ್ಧ ಮಾಹಿತಿ ಕೊಟ್ಟ ಹಾಗೆ. ಪಕ್ಕದಲ್ಲಿ `|z| > 2` ಅಂತಲೋ `|z| < 2` ಅಂತಲೋ ಬರೆಯದಿದ್ದರೆ ನೀವು ಯಾವ ಸಿಸ್ಟಮ್ ಬಗ್ಗೆ ಮಾತಾಡುತ್ತಿದ್ದೀರಿ ಅಂತ ಓದುವವರಿಗೆ ಗೊತ್ತಾಗುವುದಿಲ್ಲ.

ಆರ್‌ಒಸಿ ಯಾವಾಗಲೂ ಬಳೆಯಾಕಾರದ ಪಟ್ಟಿಯೇ ಯಾಕೆ ಅಂತಲೂ ಇದರಿಂದಲೇ ಗೊತ್ತಾಗುತ್ತದೆ. ಕೂಡಿಕೆ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು `z`ನ ಗಾತ್ರ, ಅದರ ಕೋನ ಅಲ್ಲ. ಗಾತ್ರವನ್ನು `r` ಅಂತ ಕರೆದರೆ, ಪ್ರತಿ ಸ್ಯಾಂಪಲ್‌ಗೂ `r^-n` ತೂಕ ಬೀಳುತ್ತದೆ. `r` ದೊಡ್ಡದಾದಷ್ಟೂ ಬಲಗಡೆಯ, ಅಂದರೆ ಮುಂದಿನ ಸ್ಯಾಂಪಲ್‌ಗಳ ತೂಕ ಇಳಿಯುತ್ತದೆ. ಚಿಕ್ಕದಾದಷ್ಟೂ ಎಡಗಡೆಯವುಗಳ ತೂಕ ಇಳಿಯುತ್ತದೆ. ಬಲಗಡೆಯ ಬಾಲ "ನನ್ನನ್ನು ತಡೆಯೋಕೆ `r` ಇಷ್ಟಕ್ಕಿಂತ ದೊಡ್ಡದಿರಲಿ" ಅನ್ನುತ್ತದೆ, ಎಡಗಡೆಯದು "ಇಷ್ಟಕ್ಕಿಂತ ಚಿಕ್ಕದಿರಲಿ" ಅನ್ನುತ್ತದೆ. ಇಬ್ಬರ ಮಾತೂ ನಡೆಯುವ ಜಾಗ ಎರಡು ವೃತ್ತಗಳ ನಡುವಿನ ಪಟ್ಟಿ. ಪೋಲ್ ಇರುವ ಕಡೆ ಸೂತ್ರ ಅನಂತಕ್ಕೆ ಹಾರುವುದರಿಂದ ಪಟ್ಟಿಯೊಳಗೆ ಪೋಲ್ ಇರಲು ಸಾಧ್ಯವಿಲ್ಲ. ಪೋಲ್‌ಗಳು ಪಟ್ಟಿಯ ಅಂಚಿನಲ್ಲಿ ಕೂರುತ್ತವೆ.

ಎರಡು ಬೇರೆ ಬೇರೆ ಪ್ರಶ್ನೆ

ಕಾಸಲ್ ಅಂದರೆ, ಇವತ್ತಿನ ಔಟ್‌ಪುಟ್‌ಗೆ ಇವತ್ತಿನ ಮತ್ತು ಹಿಂದಿನ ಇನ್‌ಪುಟ್ ಸಾಕು, ನಾಳೆಯದು ಬೇಡ. ಲೆಕ್ಕದಲ್ಲಿ ಹೇಳಿದರೆ `n` ಸೊನ್ನೆಗಿಂತ ಕಡಿಮೆ ಇರುವಾಗ `h[n]` ಸೊನ್ನೆ. ಆಗ `H(z)`ನಲ್ಲಿ ಉಳಿಯುವುದು h[0] + h[1]/z + h[2]/z² … ಮಾತ್ರ. ಒಂದು ಗಾತ್ರಕ್ಕೆ ಇದು ನಿಂತರೆ ಅದಕ್ಕಿಂತ ದೊಡ್ಡ ಎಲ್ಲ ಗಾತ್ರಕ್ಕೂ ನಿಲ್ಲಲೇಬೇಕು, ಯಾಕೆಂದರೆ ತೂಕ ಇನ್ನೂ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ಕಾಸಲ್ ಸಿಸ್ಟಮ್‌ನ ಪಟ್ಟಿಗೆ ಹೊರಗಿನ ಅಂಚೇ ಇಲ್ಲ. ಎಲ್ಲಕ್ಕಿಂತ ಹೊರಗಿನ ಪೋಲ್‌ನಿಂದ ಶುರುವಾಗಿ ಅನಂತದವರೆಗೆ ಹರಡಿರುತ್ತದೆ.

ಅನಂತವೂ ಸೇರಿರಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. `z/(1 - 0.5z^-1)` ತೆಗೆದುಕೊಳ್ಳಿ, ಜೊತೆಗೆ `|z| > 0.5`. ಪಟ್ಟಿ ಹೊರಗಡೆಗೇ ಹರಡಿದೆ, ಆದ್ದರಿಂದ ಕಾಸಲ್ ಅಂತ ಬರೆದುಬಿಡುತ್ತಾರೆ. ಆದರೆ ಮೇಲಿರುವ ಆ `z` ಇಡೀ ಸಾಲನ್ನು ಒಂದು ಸ್ಯಾಂಪಲ್ ಹಿಂದಕ್ಕೆ ಎಳೆದಿದೆ. `n = -1` ರಲ್ಲೇ 1 ಕೂತಿದೆ. `z` ಅನಂತಕ್ಕೆ ಹೋದಾಗ ಸೂತ್ರವೂ ಅನಂತಕ್ಕೆ ಹೋಗುವುದೇ ಅದರ ಸುಳಿವು. ಬಲಗಡೆಗೆ ಹೋಗುವ ಸಾಲು ಅನ್ನುವುದು ಬೇರೆ, ಕಾಸಲ್ ಅನ್ನುವುದು ಬೇರೆ.

ಸ್ಟೇಬಲ್ ಅನ್ನುವುದು ಪೂರ್ತಿ ಬೇರೆ ಪ್ರಶ್ನೆ. ಮಿತಿಯೊಳಗಿನ ಇನ್‌ಪುಟ್ ಕೊಟ್ಟರೆ ಔಟ್‌ಪುಟ್ ಕೂಡ ಮಿತಿಯೊಳಗೇ ಇರುತ್ತದೆಯೇ? ಇದಕ್ಕೆ `h[n]`ನ ಎಲ್ಲ ಬೆಲೆಗಳ ಗಾತ್ರಗಳನ್ನು, ಪ್ಲಸ್ ಮೈನಸ್ ಬಿಟ್ಟು, ಕೂಡಿಸಿದಾಗ ಮೊತ್ತ ಒಂದು ಸಂಖ್ಯೆಗೆ ನಿಲ್ಲಬೇಕು. `r = 1` ಇಟ್ಟರೆ ಏನಾಗುತ್ತದೆ ನೋಡಿ. ಎಲ್ಲ ಸ್ಯಾಂಪಲ್‌ನ ತೂಕ `r^-n` ಕೂಡ 1. ಅಂದರೆ ಆರ್‌ಒಸಿಯ ಪರೀಕ್ಷೆ `r = 1` ರಲ್ಲಿ ಕೇಳುವುದೂ, ಸ್ಟೇಬಲ್ ಅನ್ನುವ ಪರೀಕ್ಷೆ ಕೇಳುವುದೂ ಒಂದೇ ಮೊತ್ತವನ್ನು. ಯೂನಿಟ್ ಸರ್ಕಲ್‌ಗೆ ಇಷ್ಟೊಂದು ಮರ್ಯಾದೆ ಸಿಗುವುದು ಇದಕ್ಕೇ. ಆ ವೃತ್ತ ಪಟ್ಟಿಯೊಳಗೆ ಬಿದ್ದರೆ ಸ್ಟೇಬಲ್, ಬೀಳದಿದ್ದರೆ ಅಲ್ಲ.

ಗಮನಿಸಿ, ಮೊದಲನೆಯದು ಪಟ್ಟಿ ಹೊರಗೆ ಎಲ್ಲಿಯವರೆಗೆ ಹೋಗುತ್ತದೆ ಅಂತ ಕೇಳುತ್ತದೆ. ಎರಡನೆಯದು ಗಾತ್ರ 1ರ ವೃತ್ತ ಪಟ್ಟಿಯಲ್ಲಿದೆಯೇ ಅಂತ ಕೇಳುತ್ತದೆ. ಒಂದರ ಉತ್ತರ ಇನ್ನೊಂದನ್ನು ಕಟ್ಟಿಹಾಕುವುದಿಲ್ಲ. "ಎಲ್ಲ ಪೋಲ್ ಯೂನಿಟ್ ಸರ್ಕಲ್ ಒಳಗಿರಬೇಕು" ಅನ್ನುವ ಬಾಯಿಪಾಠದ ನಿಯಮ ಹುಟ್ಟುವುದು ಎರಡನ್ನೂ ಒಟ್ಟಿಗೆ ಬೇಕು ಅಂದಾಗ ಮಾತ್ರ. ಪಟ್ಟಿ ಹೊರಗಿನ ಪೋಲ್‌ನಿಂದ ಅನಂತದವರೆಗೆ ಹರಡಬೇಕು, ದಾರಿಯಲ್ಲಿ 1 ಕೂಡ ಸಿಗಬೇಕು ಅಂದರೆ ಹೊರಗಿನ ಪೋಲ್ 1ಕ್ಕಿಂತ ಒಳಗೇ ಇರಬೇಕಾಗುತ್ತದೆ. ಕಾಸಲ್ ಅನ್ನುವ ಷರತ್ತನ್ನು ನುಂಗಿಕೊಂಡು ನಿಯಮ ಮಾತ್ರ ಹೇಳುವುದರಿಂದಲೇ ನನ್ನ ಗೆಳೆಯನ ಉತ್ತರದಂಥ ಉತ್ತರಗಳು ಬರುತ್ತವೆ.

ಕಂಟ್ರೋಲ್ ಕಲಿತವರಿಗೆ ಆರ್‌ಒಸಿ ಅಷ್ಟಾಗಿ ಪರಿಚಯ ಇಲ್ಲದಿರುವುದಕ್ಕೂ ಒಂದು ಕಾರಣ ಇದೆ. ಅಲ್ಲಿ ಬಳಸುವುದು ಸಾಮಾನ್ಯವಾಗಿ ಏಕಮುಖ ಝಡ್-ಟ್ರಾನ್ಸ್‌ಫಾರ್ಮ್, `n = 0` ಇಂದ ಮುಂದಕ್ಕೆ ಮಾತ್ರ ಕೂಡಿಸುವುದು. 1952ರಲ್ಲಿ ಈ ಹೆಸರನ್ನು ಬಳಕೆಗೆ ತಂದ ರಗಝಿನಿ ಮತ್ತು ಝಾದೆ ಕೆಲಸ ಮಾಡುತ್ತಿದ್ದುದೂ ಸ್ಯಾಂಪಲ್ ಮಾಡಿದ ಕಂಟ್ರೋಲ್ ಸಿಸ್ಟಮ್‌ಗಳ ಮೇಲೆಯೇ. ಓಡುತ್ತಿರುವ ಮೋಟಾರಿಗೆ ನಾಳೆಯ ಇನ್‌ಪುಟ್ ಸಿಗುವುದಿಲ್ಲ. ಎಡಗಡೆಯ ಬಾಲವನ್ನು ಮೊದಲೇ ಕತ್ತರಿಸಿದ್ದರಿಂದ ಪಟ್ಟಿ ಸದಾ ಹೊರಗಡೆಗೇ ಇರುತ್ತದೆ, ಬರೆಯುವ ಅಗತ್ಯವೇ ಬೀಳುವುದಿಲ್ಲ.

ನನ್ನ ಚಾನೆಲ್‌ಗೆ ಮರಳಿದರೆ

ಚಾನೆಲ್ ಅನ್ನು ತಿರುಗಿಸುವ ಸಿಸ್ಟಮ್‌ನ ಸೂತ್ರ ಇದು:

```
H(z) = 1 / (1 - 2.5 z^-1 + z^-2)
     = 1 / ((1 - 0.5 z^-1)(1 - 2 z^-1))
     = -(1/3)/(1 - 0.5 z^-1) + (4/3)/(1 - 2 z^-1)
```

ಪೋಲ್‌ಗಳು 0.5 ಮತ್ತು 2. ಎರಡು ವೃತ್ತಗಳು ಸಮತಲವನ್ನು ಮೂರು ಭಾಗ ಮಾಡುತ್ತವೆ. ಒಳಗಿನ ತಟ್ಟೆ, ನಡುವಿನ ಪಟ್ಟಿ, ಹೊರಗಿನ ಬಯಲು. ಮೂರೂ ಆರ್‌ಒಸಿ ಆಗಬಹುದು. ಮೂರಕ್ಕೂ ಬೇರೆ ಬೇರೆ `h[n]` ಸಿಗುತ್ತದೆ.

ಹೊರಗಿನದನ್ನು ಆರಿಸಿದರೆ, ಅಂದರೆ `|z| > 2`, ಎರಡು ತುಂಡುಗಳೂ ಮುಂದಕ್ಕೆ ಓಡುತ್ತವೆ. `h[n]` ಅಂದರೆ 1, 2.5, 5.25, 10.625 … ಹತ್ತನೇ ಸ್ಯಾಂಪಲ್‌ಗೆ 1365 ದಾಟಿರುತ್ತದೆ. ಕಾಸಲ್ ಹೌದು, ಆದರೆ 1ರ ವೃತ್ತ ಪಟ್ಟಿಯಲ್ಲಿಲ್ಲ. ನಾನು ಬರೆದ ಪ್ರೋಗ್ರಾಂ ಇದೇ.

ಒಳಗಿನದನ್ನು, `|z| < 0.5` ಅನ್ನು, ಆರಿಸಿದರೆ ಎರಡೂ ಹಿಂದಕ್ಕೆ ಓಡುತ್ತವೆ. `n = -2` ರಲ್ಲಿ 1, `n = -3` ರಲ್ಲಿ 2.5, ಹೀಗೆ ಅದೇ ಸ್ಫೋಟ ಕನ್ನಡಿಯಲ್ಲಿ ಕಂಡಂತೆ. ಕಾಸಲ್ಲೂ ಅಲ್ಲ, ಸ್ಟೇಬಲ್ಲೂ ಅಲ್ಲ. ಯಾರಿಗೂ ಬೇಡದ ಕೂಸು.

ನಡುವಿನ ಪಟ್ಟಿ ಸ್ವಾರಸ್ಯದ್ದು. ಗಾತ್ರ 0.5ಕ್ಕಿಂತ ಹೊರಗಿರುವುದರಿಂದ 0.5ರ ತುಂಡು ಮುಂದಕ್ಕೆ ಓಡುತ್ತದೆ, ಓಡುತ್ತಾ ಕರಗುತ್ತದೆ. 2ಕ್ಕಿಂತ ಒಳಗಿರುವುದರಿಂದ 2ರ ತುಂಡು ಹಿಂದಕ್ಕೆ ಓಡುತ್ತದೆ, ಅದೂ ಕರಗುತ್ತದೆ. ಕೂಡಿಸಿ ಬರೆದರೆ:

```
h[n] = -(2/3) · 0.5^|n+1|
```

`n = -1` ರಲ್ಲಿ -⅔, ಅದರ ಎರಡೂ ಪಕ್ಕ -⅓, ಅದರಾಚೆ -⅙. ಎರಡೂ ಕಡೆ ಸಮನಾಗಿ ಇಳಿಯುವ ಗುಡ್ಡ. ಗಾತ್ರಗಳ ಮೊತ್ತ ಸರಿಯಾಗಿ 2, ಹಾಗಾಗಿ ಇನ್‌ಪುಟ್ ಎಷ್ಟೇ ಕುಣಿದರೂ ಔಟ್‌ಪುಟ್ ಅದರ ಎರಡು ಪಟ್ಟನ್ನು ದಾಟುವುದಿಲ್ಲ. ಪೂರ್ತಿ ಸ್ಟೇಬಲ್. ಪೋಲ್ ಮಾತ್ರ 2ರಲ್ಲೇ ಇದೆ, ಎಲ್ಲೂ ಹೋಗಿಲ್ಲ.

ಬೆಲೆ ಏನು ಅಂದರೆ, ಈ ಸಿಸ್ಟಮ್‌ಗೆ ನಾಳೆಯ ಇನ್‌ಪುಟ್ ಬೇಕು.

ಪ್ರೋಗ್ರಾಂನಲ್ಲಿ ಆರ್‌ಒಸಿ ಎಲ್ಲಿ ಅಡಗಿದೆ?

ನನಗೆ ನಿಜವಾಗಿ ತಲೆ ಕೆಡಿಸಿದ್ದು ಈ ಪ್ರಶ್ನೆ. ನಾನು ಬರೆದ ಲೆಕ್ಕದಲ್ಲಿ `|z| > 2` ಅಂತ ಎಲ್ಲೂ ಇರಲಿಲ್ಲ. ಚಾನೆಲ್‌ನ ಸಮೀಕರಣದಲ್ಲೂ ಇಲ್ಲ. ಮತ್ತೆ ಆ ಆಯ್ಕೆ ಮಾಡಿದ್ದು ಯಾರು?

`for` ಲೂಪ್ ಮಾಡಿದ್ದು. ಹಳೆಯ ಬೆಲೆ ಎರಡನ್ನು ಸೊನ್ನೆ ಅಂದುಕೊಂಡು ಎಡದಿಂದ ಬಲಕ್ಕೆ ನಡೆದಾಗಲೇ ನಾನು ಹೊರಗಿನ ಪಟ್ಟಿಯನ್ನು ಆರಿಸಿಬಿಟ್ಟಿದ್ದೆ. ಸಮೀಕರಣ ಸ್ಯಾಂಪಲ್‌ಗಳ ನಡುವಿನ ಸಂಬಂಧವನ್ನು ಹೇಳುತ್ತದೆ ಅಷ್ಟೇ. ಯಾವುದನ್ನು ಯಾವುದರಿಂದ ಕಂಡುಹಿಡಿಯಬೇಕು ಅಂತ ಹೇಳುವುದಿಲ್ಲ.

2ರ ತುಂಡನ್ನೇ ತೆಗೆದುಕೊಳ್ಳಿ: `w[n] - 2w[n-1] = y[n]`. ಎಡದಿಂದ ಹೋದರೆ `w[n] = 2w[n-1] + y[n]`, ಪ್ರತಿ ಹೆಜ್ಜೆಗೂ ದುಪ್ಪಟ್ಟು. ಅದೇ ಸಮೀಕರಣವನ್ನು ಇನ್ನೊಂದು ಕಡೆಯಿಂದ ಬಿಡಿಸಿದರೆ `w[n-1] = (w[n] - y[n])/2`. ಬಲದಿಂದ ಎಡಕ್ಕೆ ನಡೆದರೆ ಪ್ರತಿ ಹೆಜ್ಜೆಗೂ ಅರ್ಧ. ಮುಂದಕ್ಕೆ ಹೋಗುವಾಗ ತಪ್ಪನ್ನು ಬೆಳೆಸುತ್ತಿದ್ದ 2, ಹಿಂದಕ್ಕೆ ಬರುವಾಗ ಅದನ್ನು ಕರಗಿಸುತ್ತದೆ.

ನನ್ನ ಸಿಗ್ನಲ್ ಅಷ್ಟೂ ಫೈಲಿನಲ್ಲಿತ್ತು. ಅದರ "ನಾಳೆ" ಆಗಲೇ ಡಿಸ್ಕಿನಲ್ಲಿ ಬಿದ್ದಿತ್ತು. ಹಾಗಾಗಿ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ನಡೆದೆ:

```
N = len(y)
w = [0.0]*N
for n in range(N-2, -1, -1):
    w[n] = (w[n+1] - y[n+1]) / 2
x = [0.0]*N
for n in range(N):
    x[n] = w[n] + (0.5*x[n-1] if n > 0 else 0.0)
```

ಈ ಸಲ `inf` ಇಲ್ಲ, `nan` ಇಲ್ಲ. ಹದಿನಾರನೇ ಸ್ಥಾನದ ತಪ್ಪು ಬೆಳೆಯದೆ ಅಲ್ಲೇ ಉಳಿಯಿತು. ಎರಡು ಲೂಪ್‌ಗಳು ಸೇರಿ ನಡುವಿನ ಪಟ್ಟಿಯೇ ಆದವು. ಹೊರಗಿನ ಪೋಲ್‌ಗೆ ಹಿಮ್ಮುಖ ಲೂಪ್, ಒಳಗಿನ ಪೋಲ್‌ಗೆ ಮುಮ್ಮುಖ ಲೂಪ್. ಸಿಗ್ನಲ್‌ನ ತೀರಾ ತುದಿಗಳಲ್ಲಿ ಮಾತ್ರ ಹುಷಾರಾಗಿರಬೇಕು. ಆಚೆ ಏನಿತ್ತು ಅಂತ ಗೊತ್ತಿಲ್ಲದೆ ಸೊನ್ನೆ ಅಂದುಕೊಂಡಿದ್ದೇವೆ. ಆ ಊಹೆ ತಪ್ಪಾಗಿದ್ದರೆ ತುದಿಯ ಕೆಲವು ಸ್ಯಾಂಪಲ್ ಕೆಡುತ್ತವೆ. ಆದರೆ ಒಳಗೆ ಬಂದಷ್ಟೂ ಆ ತಪ್ಪು ಅರ್ಧ ಅರ್ಧ ಆಗುತ್ತಾ ಹೋಗುತ್ತದೆ.

ಸಿಗ್ನಲ್ ಲೈವ್ ಬರುತ್ತಿದ್ದರೆ? ನಾಳೆಯದು ಸಿಗುವುದಿಲ್ಲ, ಆದರೆ ಸ್ವಲ್ಪ ಕಾಯಬಹುದು. ಎರಡೂ ಕಡೆ ಇಳಿಯುವ ಆ ಗುಡ್ಡದ ಬಾಲಗಳನ್ನು ಕತ್ತರಿಸಿ, ಉಳಿದಿದ್ದನ್ನು ಬಲಕ್ಕೆ ತಳ್ಳಿದರೆ ಅದು ಕಾಸಲ್ ಆಗುತ್ತದೆ. ಶಿಖರದ ಎರಡೂ ಪಕ್ಕ ಐದೈದು ಬೆಲೆ ಇಟ್ಟುಕೊಂಡರೆ ಒಟ್ಟು 11 ಗುಣಾಂಕ. ಚಾನೆಲ್ ಮತ್ತು ಈ ಫಿಲ್ಟರ್ ಸೇರಿ 6 ಸ್ಯಾಂಪಲ್ ತಡವಾಗಿ ಮೂಲವನ್ನು ಕೊಡುತ್ತವೆ. ಕತ್ತರಿಸಿದ ತುದಿಗಳಿಂದ ಬರುವ ಉಳಿಕೆ ಪ್ರತಿಧ್ವನಿ ಮೂಲದ ಸುಮಾರು ಶೇ. 2. ಹತ್ತತ್ತು ಇಟ್ಟುಕೊಂಡರೆ 21 ಗುಣಾಂಕ, 11 ಸ್ಯಾಂಪಲ್ ತಡ. ಆಗ ಉಳಿಕೆ ಸುಮಾರು 0.00065ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 8000 ಸ್ಯಾಂಪಲ್ ಇದ್ದರೆ 11 ಸ್ಯಾಂಪಲ್ ಅಂದರೆ ಒಂದೂವರೆ ಮಿಲಿಸೆಕೆಂಡೂ ಅಲ್ಲ. ಮಾತಿನ ಮಟ್ಟಿಗೆ ಯಾರಿಗೂ ಗೊತ್ತಾಗದ ತಡ.

ಇನ್ನೊಂದು ದಾರಿಯೂ ಇದೆ, ನನಗೆ ಅಷ್ಟು ಇಷ್ಟ ಇಲ್ಲದ್ದು. 2ರ ಪೋಲ್ ಅನ್ನು 0.5ಕ್ಕೆ ಮಡಚಿ, `1/(2(1 - 0.5z^-1)^2)` ಬಳಸುವುದು. ಕಾಸಲ್ಲೂ ಹೌದು, ಸ್ಟೇಬಲ್ಲೂ ಹೌದು, ತಡವೂ ಇಲ್ಲ. ಪ್ರತಿ ಫ್ರೀಕ್ವೆನ್ಸಿಯ ಬಲ ಕೂಡ ಪಕ್ಕಾ ಸರಿಹೋಗುತ್ತದೆ. ಫೇಸ್ ಮಾತ್ರ ಕೆಟ್ಟೇ ಇರುತ್ತದೆ. ಡೇಟಾ ಕಳಿಸುವ ಪಲ್ಸ್‌ನ ಆಕಾರ ಮುಖ್ಯವಾದ ಕಡೆ ಇದು ನಡೆಯುವುದಿಲ್ಲ.

ಪೋಲ್ ವೃತ್ತದ ಹತ್ತಿರ ಬಂದಾಗ

ಹೊರಗಿನ ಪೋಲ್ 2ರಲ್ಲಿದ್ದದ್ದು ನನ್ನ ಅದೃಷ್ಟ. ಹಿಂದಕ್ಕೆ ಓಡುವ ಬಾಲ ಪ್ರತಿ ಹೆಜ್ಜೆಗೂ ಅರ್ಧವಾಗುತ್ತದೆ, ಹತ್ತು ಹೆಜ್ಜೆಗೆ ಸಾವಿರದಲ್ಲೊಂದು ಭಾಗಕ್ಕೆ ಇಳಿದಿರುತ್ತದೆ. ಪೋಲ್ 1.01ರಲ್ಲಿದ್ದಿದ್ದರೆ? ಆಗ ಬಾಲ ಪ್ರತಿ ಹೆಜ್ಜೆಗೂ ಶೇ. 1ರಷ್ಟೇ ಇಳಿಯುತ್ತದೆ. ಸಾವಿರದಲ್ಲೊಂದು ಭಾಗಕ್ಕೆ ಬರಲು ಸುಮಾರು 695 ಸ್ಯಾಂಪಲ್ ಬೇಕು. 8000 ಸ್ಯಾಂಪಲ್ ದರದಲ್ಲಿ ಅದು 87 ಮಿಲಿಸೆಕೆಂಡ್. ಇಬ್ಬರು ಮಾತಾಡುವ ಕರೆಯಲ್ಲಿ ಉಳಿದ ತಡಗಳ ಜೊತೆ ಸೇರಿದರೆ ಇದು ಅರಿವಿಗೆ ಬರಬಹುದು. 1.001 ಆದರೆ ಸುಮಾರು 6,900 ಸ್ಯಾಂಪಲ್, ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ. ಸಿಸ್ಟಮ್ ಲೆಕ್ಕದ ಪ್ರಕಾರ ಸ್ಟೇಬಲ್ಲೇ, ಆದರೆ ಪಟ್ಟಿಯ ಅಂಚು ವೃತ್ತಕ್ಕೆ ಅಂಟಿಕೊಂಡಿದೆ. ಲೈವ್ ಕೆಲಸಕ್ಕೆ ಬರುವುದಿಲ್ಲ. ಫೈಲಿನಲ್ಲಿದ್ದರೂ ತುದಿಯ ಸಾವಿರಾರು ಸ್ಯಾಂಪಲ್ ನಂಬುವ ಹಾಗಿಲ್ಲ.

ಇನ್ನು ಪೋಲ್ ಸರಿಯಾಗಿ 1ರ ಮೇಲೇ ಕೂತರೆ ಆಯ್ಕೆಯೇ ಉಳಿಯುವುದಿಲ್ಲ. ಬಂದಿದ್ದನ್ನೆಲ್ಲ ಕೂಡಿಸುತ್ತಾ ಹೋಗುವ `y[n] = y[n-1] + x[n]` ಅಂಥದ್ದು. ಇಲ್ಲಿ ಪಟ್ಟಿ ಒಂದೋ `|z| > 1`, ಇಲ್ಲವೋ `|z| < 1`. ಎರಡರಲ್ಲೂ ವೃತ್ತ ಅಂಚಿನ ಮೇಲಿದೆ, ಒಳಗಿಲ್ಲ. ಮುಂದಕ್ಕೆ ನಡೆದರೆ `h[n]` ಅಂದರೆ 1, 1, 1 … ಹಿಂದಕ್ಕೆ ನಡೆದರೆ -1, -1, -1 … ಯಾವ ಕಡೆಗೂ ಅದು ಕರಗುವುದಿಲ್ಲ. ಇನ್‌ಪುಟ್‌ಗೆ ಸದಾ 1 ಕೊಟ್ಟರೆ ಔಟ್‌ಪುಟ್ 1, 2, 3, 4 ಅಂತ ಏರುತ್ತಲೇ ಇರುತ್ತದೆ. ನನ್ನ ಚಾನೆಲ್‌ನ ಝೀರೋ ಒಂದು, ಅಂದರೆ ಚಾನೆಲ್‌ನ ಸೂತ್ರ ಸೊನ್ನೆಯಾಗುವ `z` ಬೆಲೆ, ವೃತ್ತದ ಮೇಲೆ ಇದ್ದಿದ್ದರೆ ಆ ಫ್ರೀಕ್ವೆನ್ಸಿ ಚಾನೆಲ್‌ನಲ್ಲೇ ಸತ್ತುಹೋಗಿರುತ್ತಿತ್ತು. ಆಗ ಮಾತ್ರ ಗೆಳೆಯ ಹೇಳಿದ "ಬಿಡು" ಅನ್ನುವುದೇ ಸರಿಯಾದ ಉತ್ತರವಾಗುತ್ತಿತ್ತು.